ಹೊಡೆದು ಹಾಕಿದ ಅಂಕಿ

ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಕಟ್ಟಡ ಗುತ್ತಿಗೆದಾರ ಕೃಷ್ಣರಾಜರ ಆಫೀಸು. ಅಲ್ಲಿ ಹನ್ನೆರಡು ವರ್ಷಗಳಿಂದ ಬಿಲ್ಲು ನೋಡುವ ಕೆಲಸ ಸುಭಾಷಿಣಿಯದು. ನೋಡುವ ಕೆಲಸ ಎಂದರೆ ಸುಮ್ಮನೆ ಕಣ್ಣು ಹಾಯಿಸುವುದಲ್ಲ. ಜಲ್ಲಿ, ಮರಳು, ಸಿಮೆಂಟು, ಕಬ್ಬಿಣ ಎಲ್ಲದರ ಬಿಲ್ಲೂ ಆ ಕಾಲದಲ್ಲಿ ಕೈಬರಹದ್ದೇ. ಅಂಗಡಿಯವ ಅವಸರದಲ್ಲಿ ಗೀಚಿರುತ್ತಾನೆ, ತಪ್ಪಿದ್ದನ್ನು ಹೊಡೆದು ಮೇಲೆ ಬರೆದಿರುತ್ತಾನೆ, ಒಂದನ್ನು ಏಳು ಮಾಡಿರುತ್ತಾನೆ. ಅದರಲ್ಲಿ ಯಾವ ಅಂಕಿ ಉಳಿಯಬೇಕು, ಯಾವುದು ಸಾಯಬೇಕು ಎಂದು ಕೆಂಪು ಪೆನ್ನಿನಲ್ಲಿ ತೀರ್ಮಾನ ಬರೆದು ಸಹಿ ಹಾಕುವವಳು ಅವಳು. ಅವಳ ಸಹಿ ಬಿದ್ದ ಮೇಲೆಯೇ ದುಡ್ಡು ಹೊರಡುವುದು.

ಕೆಲಸ ಕಲಿಸಿದವರು ಈಗ ತೀರಿಕೊಂಡಿರುವ ಮ್ಯಾಕ್ಸಿಮ್ ಎಂಬ ಹಳೆಯ ಗುಮಾಸ್ತರು. ಅವರು ಹೇಳುತ್ತಿದ್ದದ್ದು ಇಷ್ಟೇ: ಮೊದಲು ಹೊಡೆದದ್ದನ್ನು ಓದು, ಆಮೇಲೆ ಬರೆದದ್ದನ್ನು. ತೂಕವನ್ನು ದರದಿಂದ ಗುಣಿಸಿ ನೋಡು. ಅಕ್ಷರದಲ್ಲಿ ಬರೆದ ಮೊತ್ತದೊಂದಿಗೆ ತಾಳೆ ಹಾಕು. ತಿದ್ದಿದ ಕಡೆ ಬಿಲ್ಲು ಬರೆದವನ ಸಣ್ಣ ಸಹಿ ಇರಬೇಕು, ಇಲ್ಲದಿದ್ದರೆ ಅಂಗಡಿಯ ಪುಸ್ತಕದಲ್ಲಿ ಉಳಿದ ಕಾರ್ಬನ್ ಪ್ರತಿಯನ್ನು ಕೇಳು. ಸುಭಾಷಿಣಿ ಇದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಅಕ್ಕಪಕ್ಕದ ಆಫೀಸಿನವರೂ ಬಿಡಿಸಲಾಗದ ಬಿಲ್ಲನ್ನು ಅವಳ ಮುಂದೆ ತಂದಿಡುತ್ತಿದ್ದರು. ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು. ಇದ್ದರೆ ತಪ್ಪೇನು? ಮನೆಯಲ್ಲಿ ಅವಳ ಮಾತಿಗೆ ಬೆಲೆ ಕೊಡುವವರು ಯಾರೂ ಇರಲಿಲ್ಲ.

2001ರ ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನದ ಊಟ ಮುಗಿಸಿ ಅವಳು ಕಾರ್ಕಳದ ಕಬ್ಬಿಣದ ಅಂಗಡಿಯ ಬಿಲ್ಲೊಂದನ್ನು ಎತ್ತಿಕೊಂಡಳು. ಕಾಪುವಿನಲ್ಲಿ ಹೆದ್ದಾರಿಯ ಪಕ್ಕ ಎದ್ದು ನಿಲ್ಲುತ್ತಿದ್ದ ಮೂರು ಮಹಡಿಯ ಕಟ್ಟಡಕ್ಕೆ ಬಂದ ಹತ್ತು ಮಿಲಿಮೀಟರಿನ ಸರಳಿನ ಬಿಲ್ಲು ಅದು. ಎರಡನೆಯ ಸ್ಲ್ಯಾಬಿಗೆಂದು ತಂದ ಸರಳು. ಮರುದಿನ ಬೆಳಿಗ್ಗೆ ಏಳಕ್ಕೆ ಕಾಂಕ್ರೀಟು.

ತೂಕದ ಸಾಲಿನಲ್ಲಿ 1,260 ಕಿಲೋ ಎಂದು ಇದ್ದದ್ದರ ಮೇಲೆಯೇ ಒತ್ತಿ ಬರೆದು 2,160 ಮಾಡಿತ್ತು. ದರ ಹದಿನೇಳೂವರೆ ರೂಪಾಯಿ. ಮೊತ್ತ 22,050 ಎಂಬುದಕ್ಕೆ ಗೆರೆ ಎಳೆದು 37,800. ಕೆಳಗೆ ಲೋಡಿಂಗ್ ಕೂಲಿ 126 ಸೇರಿಸಿ, ಒಟ್ಟು 22,176 ಎಂಬುದನ್ನು ಹೊಡೆದು 37,926. ಅಕ್ಷರದಲ್ಲೂ ಹಳೆಯದನ್ನು ಹೊಡೆದು ಮೂವತ್ತೇಳು ಸಾವಿರದ ಒಂಬೈನೂರ ಇಪ್ಪತ್ತಾರು. ಅಂಚಿನಲ್ಲಿ ಪುಟ್ಟ ಸಹಿ.

ಅವಳು ಗುಣಿಸಿದಳು. ಹೊಸದೂ ಸರಿ ಬಂತು, ಹಳೆಯದೂ ಸರಿ ಬಂತು. ಅಂಕಿ ಹಿಂದೆಮುಂದಾಗುವುದು ಬಿಲ್ಲು ಬರೆಯುವವರ ಹಳೆಯ ಕಾಯಿಲೆ, ಬರೆದವನೇ ಆಮೇಲೆ ಸರಿಪಡಿಸಿರಬಹುದು. ಎಸ್ಟಿಮೇಟ್ ತೆಗೆದು ನೋಡಿದಳು. ಒಂದೊಂದು ಸ್ಲ್ಯಾಬಿಗೂ ಹತ್ತು ಮಿಲಿಮೀಟರಿನ ಸರಳು ಸುಮಾರು 2,150 ಕಿಲೋ ಬೇಕು. ಹಾಗಾದರೆ ಹೊಸದೇ ಸರಿ. ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

ಆಗ ಕಣ್ಣು ಲೋಡಿಂಗ್ ಕೂಲಿಯ ಸಾಲಿಗೆ ಹೋಯಿತು. ಆ ಅಂಗಡಿಯವರು ಲೋಡಿಂಗಿಗೆ ಕಿಲೋಗೆ ಹತ್ತು ಪೈಸೆ ಹಾಕುತ್ತಾರೆ. 2,160 ಕಿಲೋ ಆಗಿದ್ದರೆ ಕೂಲಿ 216 ಆಗಬೇಕಿತ್ತು. ಬಿಲ್ಲಿನಲ್ಲಿ 126 ಎಂದೇ ಇತ್ತು, ಯಾರೂ ಮುಟ್ಟದೆ, ತಿದ್ದದೆ. ನಾಲ್ಕು ಕಡೆ ತಿದ್ದಿದ ಕೈಗೆ ಈ ಸಣ್ಣ ಮೊತ್ತ ಕಾಣಿಸಿರಲಿಲ್ಲ.

ಅವಳು ಅಂಚಿನ ಸಹಿಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಅದು ಅಂಗಡಿಯವನದ್ದಲ್ಲ, ಸೈಟಿನ ಉಸ್ತುವಾರಿ ನೋಡುವ ಸುಘೋಷನದ್ದು. ಕೃಷ್ಣರಾಜರ ಅಕ್ಕನ ಮಗ. ಸೈಟಿನ ಸರಕಿಗೆ ಕೈಯಿಂದ ದುಡ್ಡು ಕೊಟ್ಟು, ಬಿಲ್ಲು ಪಾಸಾದ ಮೇಲೆ ಆಫೀಸಿನಿಂದ ಪಡೆಯುವವನು ಅವನೇ. ಸರಕು ಇಳಿಸಿಕೊಂಡವನು ಬಿಲ್ಲಿನ ಅಂಕಿಗೆ ಸಹಿ ಹಾಕುವುದೆಂದರೆ, ಪರೀಕ್ಷೆ ಬರೆದವನೇ ತನಗೆ ಅಂಕ ಕೊಟ್ಟುಕೊಂಡ ಹಾಗೆ.

ಕಾರ್ಕಳಕ್ಕೆ ಫೋನು ಮಾಡಿದಳು. ಅಂಗಡಿಯ ಹೆಂಗಸು ಪುಸ್ತಕ ತಿರುವಿ ಕಾರ್ಬನ್ ಪ್ರತಿ ಓದಿದಳು. "ಸಾವಿರದ ಇನ್ನೂರ ಅರವತ್ತು ಕಿಲೋ. ಒಟ್ಟು ಇಪ್ಪತ್ತೆರಡು ಸಾವಿರದ ನೂರ ಎಪ್ಪತ್ತಾರು. ದುಡ್ಡು ಸುಘೋಷ ಕೊಟ್ಟು ಆಗಿದೆಯಲ್ಲ, ಯಾಕೆ ಕೇಳುತ್ತೀರಿ?"

"ಸುಮ್ಮನೆ" ಎಂದು ಸುಭಾಷಿಣಿ ರಿಸೀವರ್ ಇಟ್ಟಳು.

ಒಂಬೈನೂರು ಕಿಲೋ ಕಬ್ಬಿಣ ಬರಲೇ ಇಲ್ಲ. ಬಾರದ ಕಬ್ಬಿಣ ಸ್ಲ್ಯಾಬಿನ ಒಳಗೂ ಇರುವುದಿಲ್ಲ. ಇಷ್ಟು ಹೊಳೆದ ಮೇಲೆ ಇನ್ನೊಂದು ತಾನಾಗಿಯೇ ಹೊಳೆಯಿತು. ನವೆಂಬರಿನಲ್ಲಿ ಮೊದಲನೆಯ ಸ್ಲ್ಯಾಬಿನ ಬಿಲ್ಲನ್ನೂ ಅವಳೇ ನೋಡಿದ್ದಳು. ಕಡತ ಎಳೆದು ಬಿಚ್ಚಿದಳು. 1,290 ಎಂದು ಇದ್ದದ್ದು 2,190 ಆಗಿತ್ತು. ಅದೇ ಪುಟ್ಟ ಸಹಿ. ಲೋಡಿಂಗ್ ಕೂಲಿ 129. ಪಕ್ಕದಲ್ಲಿ ಅವಳದೇ ಕೆಂಪು ಅಕ್ಷರ: ತಿದ್ದಿದ ಮೊತ್ತ ಸರಿ ಇದೆ, ಪಾವತಿಸಬಹುದು. ಗುಣಾಕಾರ ಸರಿ, ಅಕ್ಷರ ಸರಿ, ಎಸ್ಟಿಮೇಟ್ ಸರಿ, ನೂರಿಪ್ಪತ್ತೊಂಬತ್ತು ರೂಪಾಯಿಯನ್ನು ಯಾರು ನೋಡುತ್ತಾರೆ ಎಂದು ಆ ದಿನ ದಾಟಿ ಹೋಗಿದ್ದಳು. ಆನೆ ಹೋದದ್ದು ಬಿಟ್ಟು ಬಾಲ ಹಿಡಿದ ಕಥೆ ಕೇಳಿದ್ದೇವೆ, ಇವಳು ಬಾಲವನ್ನೇ ನೋಡದೆ ಆನೆಯನ್ನು ಹೋಗಗೊಟ್ಟಿದ್ದಳು.

ಎರಡೂ ಬಿಲ್ಲು ಹಿಡಿದು ಕೃಷ್ಣರಾಜರ ಕೋಣೆಗೆ ಹೋದಳು. ಅವರು ಕನ್ನಡಕ ಏರಿಸಿ ಓದಿದರು, ಅವಳು ಹೇಳಿದ್ದನ್ನೆಲ್ಲ ಕೇಳಿದರು. ಸೋದರಳಿಯನ ಹೆಸರು ಬಂದಾಗ ಮುಖ ಕೆಂಪಾಯಿತು. ಸುಭಾಷಿಣಿಗೆ ಸ್ವಲ್ಪ ಸಮಾಧಾನವಾಯಿತು.

"ನನ್ನ ಅನ್ನ ಉಂಡು ನನಗೇ ಕನ್ನ ಹಾಕಿದನಾ ಅವನು!" ಎಂದರು. "ಸರಿ ಸುಭಾಷಿಣಿಯವರೇ, ಹಳೆಯ ಅಂಕಿಯೇ ನಿಲ್ಲಲಿ. ಇಪ್ಪತ್ತೆರಡು ಸಾವಿರದ ನೂರ ಎಪ್ಪತ್ತಾರು ಪಾಸ್ ಮಾಡಿ. ನವೆಂಬರಿನದ್ದನ್ನು ಅವನ ಲೆಕ್ಕದಲ್ಲಿ ಹಿಡಿಯುವ."

"ಆಯಿತು ಸರ್. ನಾಳೆಯ ಕಾಂಕ್ರೀಟು?"

"ಅದಕ್ಕೆ ಎಂತ?"

"ಸರಳು ಕಡಿಮೆ ಉಂಟು ಸರ್. ಕೆಳಗಿನ ಸ್ಲ್ಯಾಬಿನಲ್ಲಿಯೂ ಕಡಿಮೆ ಉಂಟು. ನಾಳೆಯ ಹಸಿ ಕಾಂಕ್ರೀಟಿನ ಭಾರವೆಲ್ಲ ಆನಿಸಿಟ್ಟ ಮರದ ಕಂಬಗಳ ಮೂಲಕ ಅದರ ಮೇಲೆಯೇ ಅಲ್ವಾ ಕೂತುಕೊಳ್ಳುವುದು?"

ಕೃಷ್ಣರಾಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಧ್ವನಿ ಬಹಳ ಮೆತ್ತಗಾಗಿತ್ತು. "ಕಟ್ಟಡದ ಯಜಮಾನರು ನಮಗೆ ಕೊಡುವುದು ಚದರ ಅಡಿಯ ಲೆಕ್ಕದಲ್ಲಿ, ಕಬ್ಬಿಣದ ಲೆಕ್ಕದಲ್ಲಿ ಅಲ್ಲ. ಮಿಕ್ಸರ್ ಬಂದು ನಿಂತಿದೆ. ಮೂರು ತಿಂಗಳಿಂದ ಆ ಸ್ಲ್ಯಾಬು ನಿಂತೇ ಉಂಟಲ್ಲ, ಬಿದ್ದಿದೆಯಾ? ನಿಮ್ಮ ಕೆಲಸ ಅಂಕಿ ನೋಡುವುದು, ಚೆನ್ನಾಗಿ ನೋಡಿದ್ದೀರಿ." ನವೆಂಬರಿನ ಬಿಲ್ಲನ್ನು ಅವಳ ಕಡೆಗೆ ತಳ್ಳಿದರು. "ಮತ್ತೆ ಇದರ ಮೇಲೆ ಇರುವುದು ನಿಮ್ಮ ಸಹಿ. ನಾಳೆ ಯಾರಾದರೂ ಕೇಳಿದರೆ ಅದನ್ನೇ ಕೇಳುವುದು, ಮರೆಯಬೇಡಿ."

ಅವಳು ತನ್ನ ಜಾಗಕ್ಕೆ ಬಂದು ಕೂತಳು. 37,926ಕ್ಕೆ ಒಂದೇ ಒಂದು ಗೆರೆ ಎಳೆದು, 22,176 ಮಾತ್ರ ಎಂದು ಬರೆದು ಸಹಿ ಹಾಕಿದಳು. ಸರಿಯಾದ ಅಂಕಿ ನಿಂತಿತು. ಇಷ್ಟು ವರ್ಷ ಅಂಕಿ ಸರಿಯಾದರೆ ಎಲ್ಲ ಸರಿಯಾಯಿತು ಎಂದೇ ತಿಳಿದಿದ್ದಳು. ಈಗ ಅಂಕಿ ಸರಿ ಇತ್ತು, ಗುತ್ತಿಗೆದಾರರಿಗೆ ಹದಿನೈದು ಸಾವಿರದ ಏಳುನೂರ ಐವತ್ತು ಉಳಿದಿತ್ತು, ನಾಳೆಯ ಭಾರ ಮಾತ್ರ ಒಂದು ಕಿಲೋ ಕೂಡ ಇಳಿದಿರಲಿಲ್ಲ. ಆ ಕಟ್ಟಡದ ನೆಲ ಅಂತಸ್ತಿನಲ್ಲಿ, ಅದೇ ಮೊದಲನೆಯ ಸ್ಲ್ಯಾಬಿನ ಕೆಳಗೆ, ಸರಳು ಕಟ್ಟುವ ಗುರಲಿಂಗಪ್ಪ ಸಂಸಾರ ಸಮೇತ ವಾಸವಿದ್ದ. ಅದು ಅವಳಿಗೆ ಗೊತ್ತಿತ್ತು, ವಾರದ ಬಟವಾಡೆಗೆ ಆಫೀಸಿಗೆ ಬಂದಾಗ ಅವನೇ ಹೇಳಿದ್ದ, ಕೂಲಿಯ ಪಟ್ಟಿಯಲ್ಲಿ ಅವನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದವಳು ಅವಳೇ.

ಐದು ಗಂಟೆಗೆ ಎರಡೂ ಬಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಇಳಿದಳು. ಆಫೀಸಿನ ಕಾಗದ ಹೊರಗೆ ಒಯ್ದದ್ದು ಜೀವನದಲ್ಲಿ ಅದೇ ಮೊದಲು. ಉಡುಪಿಯಲ್ಲಿ ಮನೆಯ ದಾರಿ ಹಿಡಿಯದೆ ಮಂಗಳೂರು ಬಸ್ಸು ಹತ್ತಿದಳು. ಕಟಪಾಡಿ ದಾಟುವಾಗ, ನನಗೇಕೆ ಬೇಕಿತ್ತು ಈ ಉಸಾಬರಿ ಎಂದು ಒಮ್ಮೆ ಅನ್ನಿಸಿತು. ಅವಳಿಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಕಾಪುವಿನಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಕಟ್ಟಡದ ಮುಂದೆ ಮಿಕ್ಸರ್ ನಿಂತಿತ್ತು, ಜಲ್ಲಿ ಗುಡ್ಡೆ ಬಿದ್ದಿತ್ತು. ತಲೆಯೆತ್ತಿ ನೋಡಿದರೆ ಮೊದಲ ಮಹಡಿಯ ತುಂಬ ಮರದ ಕಂಬಗಳು ಒತ್ತೊತ್ತಾಗಿ ನಿಂತು ಮೇಲಿನ ಹಲಗೆಗಳನ್ನು ಹೊತ್ತಿದ್ದವು. ಅವುಗಳ ಬುಡವೆಲ್ಲ ಊರಿದ್ದು ಕೆಳಗಿನ ಸ್ಲ್ಯಾಬಿನ ಮೇಲೆ. ಆ ಸ್ಲ್ಯಾಬಿನ ಅಡಿಯಲ್ಲಿ ಗುರಲಿಂಗಪ್ಪನ ಹೆಂಡತಿ ಭಾಗವ್ವ ಮೂರು ಕಲ್ಲಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಏನ್ರಿ ಅಕ್ಕಾರ, ಇಷ್ಟ್ ಹೊತ್ನ್ಯಾಗ?" ಎಂದು ಗುರಲಿಂಗಪ್ಪ ಎದ್ದು ನಿಂತ.

"ಗುರಲಿಂಗಪ್ಪ, ಮೇಲೆ ಸರಳು ಎಷ್ಟು ಇಂಚಿಗೆ ಒಂದು ಕಟ್ಟಿದ್ದೀರಿ?"

"ಎಂಟೂವರಿ ಇಂಚಿಗೊಂದ್ರಿ."

"ನಕ್ಷೆಯಲ್ಲಿ ಐದು ಇಂಚು ಉಂಟು."

"ನಕಾಶಿ ಓದಾಕ ನಮಗೆಲ್ಲಿ ಬರತೈತ್ರಿ. ಸುಘೋಷಣ್ಣಾರು ಎಂಟೂವರಿ ಅಂದ್ರು, ಕಟ್ಟಿದ್ವಿ. ಕಡಿಮಿ ಆತು ಅಂತ ನನ್ನ ಕೈಗೂ ಅನಿಸಿತ್ರಿ. ಇದ್ದಷ್ಟ ಕಟ್ಟು ಅಂದ್ರು."

ಸುಭಾಷಿಣಿ ಬಿಲ್ಲನ್ನು ಒಲೆಯ ಬೆಳಕಿಗೆ ಹಿಡಿದಳು. ಬೆರಳಿಟ್ಟು ತೋರಿಸಿದಳು: ಇದು ಹೊಡೆದ ಅಂಕಿ, ಇದು ಮೇಲೆ ಬರೆದದ್ದು, ಇದು ಯಾರೂ ಮುಟ್ಟದೆ ಉಳಿದದ್ದು. ಅಕ್ಷರ ಬಾರದ ಗುರಲಿಂಗಪ್ಪನಿಗೂ ಅಂಕಿ ಚೆನ್ನಾಗಿ ಬರುತ್ತಿತ್ತು. ಬೆರಳನ್ನು ಹಿಂಬಾಲಿಸಿ ಪೂರ್ತಿ ಓದಿದ.

"ಅಂದ್ರ ಒಂಬತ್ತುನೂರು ಕಿಲೋ ಬರ್ಲೇ ಇಲ್ಲ," ಎಂದ. "ನಾಳೆ ನಮ್ಮ ಇಪ್ಪತ್ತು ಮಂದಿ ಮ್ಯಾಲೆ ನಿಂದರ್ತಾರ್ರಿ. ನಾ ಹತ್ತಗೊಡಂಗಿಲ್ಲ, ಕೂಲಿ ಹೋದ್ರ ಹೋಗ್ಲಿ."

ಬಂದ ಕೆಲಸ ಆಯಿತು ಎಂದು ಸುಭಾಷಿಣಿ ಬಿಲ್ಲು ಮಡಿಚಿದಳು. ಇನ್ನೊಂದು ಬಿಲ್ಲನ್ನು ಚೀಲದಿಂದ ತೆಗೆಯದೆಯೇ ಹೊರಟುಬಿಡಬಹುದಿತ್ತು. ಆ ಆಸೆ ಅವಳಿಗೆ ಬಂತು ಕೂಡ. ಅಷ್ಟರಲ್ಲಿ ಭಾಗವ್ವ ಹಿಟ್ಟಿನ ಕೈಯಲ್ಲೇ ತಲೆಯೆತ್ತಿ ಮೇಲೆ ನೋಡಿದಳು. ಒಲೆಯ ಹೊಗೆಗೆ ಕಪ್ಪಾದ ಸ್ಲ್ಯಾಬಿನ ಅಡಿಭಾಗದಲ್ಲಿ, ಗೋಡೆಯಿಂದ ಗೋಡೆಗೆ, ಕೂದಲಿನಷ್ಟು ಸಣ್ಣ ಬಿರುಕಿನ ಗೆರೆಯೊಂದು ಬಿಳಿಯಾಗಿ ಕಾಣುತ್ತಿತ್ತು.

"ಕಂಬ ಊರಿದ ಮ್ಯಾಲೆ ಬಂದೈತ್ರಿ ಅದು," ಎಂದಳು ಭಾಗವ್ವ. "ಅಕ್ಕಾರ, ನಮ್ಮ ತಲಿ ಮ್ಯಾಲಿಂದು? ಇದರ ಚೀಟಿನೂ ನೀವ ನೋಡಿರ್ತೀರಲ್ಲ. ಅದರಾಗ ಯಾವ ಅಂಕಿ ಖರೇ?"

ಸುಭಾಷಿಣಿ ನವೆಂಬರಿನ ಬಿಲ್ಲು ತೆಗೆದು ಭಾಗವ್ವನ ಮುಂದೆ ಹಿಡಿದಳು.

"ಹೊಡೆದದ್ದು," ಎಂದಳು. "ನಾನು ಮೇಲೆ ಬರೆದದ್ದನ್ನು ಪಾಸ್ ಮಾಡಿದೆ. ಇಲ್ಲಿ ಕೆಂಪಿನಲ್ಲಿ ಇರುವ ಸಹಿ ನನ್ನದು."

ಭಾಗವ್ವ ಬಯ್ಯಲಿಲ್ಲ. ಮೂರು ತಿಂಗಳು ತಾವು ಮಲಗಿದ ಜಾಗವನ್ನು ಒಮ್ಮೆ ನೋಡಿದಳು, ಮತ್ತೆ ಆ ಸಹಿಯನ್ನು ನೋಡಿದಳು. ಒಲೆಯ ಮೇಲಿನ ಹಂಚನ್ನು ಸೆರಗಿನಲ್ಲಿ ಹಿಡಿದು ಇಳಿಸಿ, ಉರಿಯುತ್ತಿದ್ದ ಕಟ್ಟಿಗೆ ಎಳೆದು, ಒಲೆಗೆ ನೀರು ಹೊಯ್ದಳು.

"ಹಿಡೀರಿ ಅಕ್ಕಾರ," ಎಂದು ತಗಡಿನ ಪೆಟ್ಟಿಗೆಯ ಒಂದು ಬದಿಯನ್ನು ಎತ್ತಿದಳು. ಸುಭಾಷಿಣಿ ಬಗ್ಗಿ ಇನ್ನೊಂದು ಬದಿಯನ್ನು ಹಿಡಿದಳು. ಇಬ್ಬರೂ ಮೇಲೆ ನೋಡದೆ, ಬೇಗ ಬೇಗ ಹೊರಗೆ ನಡೆದರು.