ಮದುವೆ ಮೊದಲು, ಕೊಲೆ ಆಮೇಲೆ

ಮಧುಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಮ್ಮ ಅತ್ತಿಗೆ ಲಕ್ಷ್ಮೀದೇವಿಗೆ ಯಾವುದನ್ನೂ ಇದ್ದ ಹಾಗೆ ಬಿಟ್ಟು ಗೊತ್ತಿಲ್ಲ. ಊರಿನವರ ಆಧಾರ್ ಫೋಟೋಗೂ ಒಂದಿಷ್ಟು ಬೆಳಕು ಏರಿಸಿಯೇ ಕೊಡುತ್ತಾರೆ.

ಅವರ ಮಗಳು ಶೃತಿಗೆ ಪುಣೆಯಲ್ಲಿ ಹೆರಿಗೆಯಾಗಿತ್ತು. ನಮ್ಮಮ್ಮ ಕೆಂಚಮ್ಮನಿಗೆ ಮರಿಮಗು ನೋಡುವ ಆಸೆ, ಆದರೆ ಕಾರು ಹತ್ತಿದರೆ ವಾಂತಿ. ಹೋದ ಸಲ ಸಿರಾ ಮುಟ್ಟುವಷ್ಟರಲ್ಲಿ ಸುಸ್ತಾಗಿ ವಾಪಸ್ ಬಂದಿದ್ದಳು. ಕಥೆ ಕೇಳುತ್ತಿದ್ದರೆ ಮಾತ್ರ ಹೊಟ್ಟೆ ತೊಳಸಲ್ಲ. ಕಥೆ ನಿಂತರೆ ಮುಗಿಯಿತು.

ಅತ್ತಿಗೆ ಒಂದು ಪತ್ತೇದಾರಿ ಕಾದಂಬರಿಯ ಆಡಿಯೊ ಇಳಿಸಿಕೊಂಡರು. ಅಧ್ಯಾಯಕ್ಕೊಂದು ಫೈಲು. ಒಂದು ಫೋನ್ ಬಂದರೆ ಎಲ್ಲಿದ್ದೆವೋ ತಿಳಿಯಲ್ಲ ಅಂತ, ಎಲ್ಲವನ್ನೂ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೇ ಫೈಲಾಗಿ ಜೋಡಿಸಿ, ಪ್ರತಿ ಅಧ್ಯಾಯ ಶುರುವಾಗುವ ಕಡೆ ಅದರ ಹೆಸರಿನ ಗುರುತು ಹಾಕಲು ಕೂತರು. ಮೊದಲ ಸಲ ಒಂದನೇ ಅಧ್ಯಾಯ ಆದ ಮೇಲೆ ಎರಡರ ಬದಲು ಹತ್ತು, ಹನ್ನೊಂದು ಬಂದು ಕೂತವು. ಒಂದು, ಎರಡರ ಎಡಕ್ಕೆ ಸೊನ್ನೆ ಸೇರಿಸಿದ ಮೇಲೆ ಸಾಲು ನೆಟ್ಟಗಾಯಿತು. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಅವರು ನಮ್ಮ ಅತ್ತಿಗೆಯೇ ಅಲ್ಲ.

ಪರೀಕ್ಷೆಗೆ ಹಚ್ಚಿ ನೋಡಿದರೆ ಮೊದಲ ಸಾಲಲ್ಲೇ ಹೆಣ. ಅಮ್ಮ ಮುಖ ಗಂಟಿಕ್ಕಿದಳು.

"ಊರು ಬುಡೋವಾಗ ಮೊದ್ಲು ಹೆಣದ ಮಾತು ಕಿವಿಗೆ ಬೀಳಬಾರ್ದು ಕಣಮ್ಮ. ನಾನ್ ಬರಾಕಿಲ್ಲ."

ಅತ್ತಿಗೆ ಪಟ್ಟಿ ನೋಡಿದರು. ಕೊನೆಯ ಅಧ್ಯಾಯದ ಹೆಸರು 'ಮದುವೆ'. ಅದನ್ನು ಎಳೆದು ತಲೆಗೇ ತಂದು ಕೂರಿಸಿ ಮತ್ತೆ ಜೋಡಿಸಿದರು. ಮೊದಲೇ ಕೇಳಿಬಿಟ್ಟರೆ ದಾರಿಯಲ್ಲಿ ತನಗೆ ಮಜಾ ಇರಲ್ಲ ಅಂತ ಕೇಳಿಯೂ ನೋಡಲಿಲ್ಲ.

ಬೆಳಗ್ಗೆ ಅಣ್ಣ ಚಂದ್ರಶೇಖರ್ ಕಾರು ಹೊರಡಿಸಿದ. ಕಾರಿನ ಸ್ಪೀಕರಿನಲ್ಲಿ ನಾದಸ್ವರ, ಓಲಗ. ಅಮ್ಮ ಖುಷಿಯಾಗಿ ಕಾಲು ಚಾಚಿದಳು. ಬಡವನಹಳ್ಳಿ ದಾಟುವಾಗ ತಾಳಿ ಕಟ್ಟಿದರು. ಅಕ್ಷತೆ ಬೀಳುತ್ತಿದ್ದಂತೆ ಪೊಲೀಸರು ನುಗ್ಗಿ, ಎಲ್ಲರಿಗೂ ಎಲೆ ಹಾಕಿಸುತ್ತಿದ್ದ ಹುಡುಗಿಯ ಸೋದರಮಾವನನ್ನೇ ಕೊಲೆಗಾರ ಅಂತ ಎಳೆದೊಯ್ದರು.

ಅಣ್ಣ ಕಾರಿನ ವೇಗ ತಗ್ಗಿಸಿದ.

"ಕಥೆ ಮುಗಿಸ್ಬುಟ್ಯಲ್ಲೇ," ಎಂದ ಅಣ್ಣ. "ಇನ್ ಪುಣೆವರ್ಗೂ ಏನ್ ಕೇಳೋದು?"

ಅತ್ತಿಗೆಯ ಕಣ್ಣು ತುಂಬಿತು. ಮುಂದೆ ಸಿರಾ. ನನಗೂ ಹೆದರಿಕೆಯಾಗಿ ಪ್ಲಾಸ್ಟಿಕ್ ಕವರು ಬಿಡಿಸಿಟ್ಟುಕೊಂಡೆ.

ಅಷ್ಟರಲ್ಲಿ ಹೆಣದ ಅಧ್ಯಾಯ ಶುರುವಾಯಿತು. ಸೋದರಮಾವ ಬಂದು ಎಲ್ಲರಿಗಿಂತ ಜೋರಾಗಿ ಅತ್ತ. ಅಮ್ಮ ನೆಟ್ಟಗೆ ಎದ್ದು ಕೂತಳು.

"ನೋಡ್ಲಾ, ಹೆಂಗೆ ಅಳ್ತಾವ್ನೆ ಕಳ್ಳ!"

ಸಿರಾ ಹೋಯಿತು, ಅವಳಿಗೆ ಗೊತ್ತಾಗಲಿಲ್ಲ. ಚಿತ್ರದುರ್ಗ ಹೋಯಿತು. ಹುಬ್ಬಳ್ಳಿಯಲ್ಲಿ ಊಟಕ್ಕೂ ಇಳಿಯಲೊಲ್ಲಳು, ಕಥೆಯಲ್ಲಿ ಆ ಸೋದರಮಾವ ಮನೆಯವರಿಗೆ ಹಾಲು ಕಾಯಿಸುತ್ತಿದ್ದ. "ಕುಡೀಬ್ಯಾಡ ಕಣವ್ವಾ," ಎಂದು ಸ್ಪೀಕರಿಗೆ ಹೇಳುತ್ತ ಹೋದಳೇ ಹೊರತು ಕವರು ಮುಟ್ಟಲಿಲ್ಲ.

ಪುಣೆಯಲ್ಲಿ ಶೃತಿ ಮಗುವನ್ನು ತಂದು ಮಡಿಲಿಗಿಟ್ಟಳು. ಅಮ್ಮ ಅದರ ಪಾದಕ್ಕೆ ಮುತ್ತಿಟ್ಟು ತುಂಬ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮೊಮ್ಮಗಳನ್ನು ಹತ್ತಿರ ಕರೆದಳು.

"ನಿನ್ ಗಂಡನ ಕಡೇಲಿ ಯಾರಾನ ಅತಿ ಒಳ್ಳೇವ್ರು ಅವ್ರೇನವ್ವಾ?"