ಟಿಕ್ ಹಾಕದ ಹೆಸರು

ರಾಬರ್ಟ್‌ಸನ್‌ಪೇಟೆಯ ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಶಶಿರೇಖಳ ಅಂಗಡಿ. ಕಿವಿಯಂತ್ರ ರಿಪೇರಿ ಅವಳ ಕಸುಬು. ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ, ಒಳಗೆ ಜಗಳವಾಗುತ್ತಿದೆ ಅಂದುಕೊಂಡು. ಜಗಳವೂ ಇಲ್ಲ, ಗಿಗಳವೂ ಇಲ್ಲ. ಗಿರಾಕಿಯ ಯಂತ್ರ ಮೇಜಿನ ಮೇಲೆ ಬಿಚ್ಚಿ ಬಿದ್ದಿರುವಾಗ ಅವನ ಜೊತೆ ಮಾತಾಡಬೇಕೆಂದರೆ ಕೂಗಲೇಬೇಕು.

ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯ ಹಳೆಯ ಕೆಲಸಗಾರರು. ನೆಲದಡಿ ವರ್ಷಗಟ್ಟಲೆ ಬಂಡೆಗೆ ಡ್ರಿಲ್ ಹಿಡಿದವರು. ಅವರು ವಾಸಿಸುವ ಲೈನು ಮನೆಗಳಲ್ಲಿ ಕಿವಿ ಕೇಳಿಸುವ ಮುದುಕನೇ ಅಪರೂಪ, ಹಾಗಾಗಿ ಕಿವುಡುತನವನ್ನು ಯಾರೂ ಮುಚ್ಚಿಡುವುದಿಲ್ಲ. ಸೆಲ್ವರಾಜ್ ಎಂಬಾತ ಅದನ್ನು ಮೆಡಲಿನ ಹಾಗೆ ತೋರಿಸಿಕೊಂಡು ತಿರುಗುತ್ತಾನೆ. ಶಶಿರೇಖ ಮುಂದೆ ಎಡವಿದ್ದು ಈ ಜನರ ಮುಚ್ಚುಮರೆಯಿಲ್ಲದ ಗುಣದಿಂದಲೇ ಎಂದು ನನಗನ್ನಿಸುತ್ತದೆ. ಎಲ್ಲರೂ ಹೀಗೇ ಇರುತ್ತಾರೆ ಎಂದು ಅವಳು ಅಂದುಕೊಂಡಳು.

ತಿಂಗಳಿಗೊಂದು ಪತ್ರ ಕಳಿಸೋಣ ಎಂಬ ಯೋಚನೆ ಅವಳದೇ. ರಾತ್ರಿ ಯಂತ್ರ ತೆಗೆದಿಡುವಾಗ ಸೆಲ್ಲಿನ ಮುಚ್ಚಳ ತೆರೆದಿಡಿ, ಬೆವರು ಹಿಡಿದ ಯಂತ್ರವನ್ನು ಒಣಗಿಸುವ ಡಬ್ಬಿಯಲ್ಲಿಡಿ, ಅಂಟಿದ ಕಿವಿಯ ಗುಗ್ಗೆಯನ್ನು ಪಿನ್ನಿನಿಂದ ಕೆದಕಬೇಡಿ ಎಂದು ಬಂದವರಿಗೆಲ್ಲ ಕೂಗಿ ಕೂಗಿ ಗಂಟಲು ಹೋಗಿತ್ತು. ವಾಟ್ಸಾಪಿನಲ್ಲಿ ಬರೆದು ಕಳಿಸಿದರೆ ಓದಿಕೊಳ್ಳುತ್ತಾರಲ್ಲ. ಅಕ್ಕನ ಮಗಳು ನವ್ಯ ಕೂತು ಅಚ್ಚುಕಟ್ಟಾಗಿ ದಾರಿ ಹಾಕಿಕೊಟ್ಟಳು. ರಿಪೇರಿಗೆಂದು ಕೊಟ್ಟ ನಂಬರು ರಿಪೇರಿಗೆ ಮಾತ್ರ, ಪತ್ರ ಬೇಕೋ ಬೇಡವೋ ಎಂದು ಬೇರೆಯಾಗಿ ಕೇಳಬೇಕು. ಏನು ಕಳಿಸುತ್ತೀವಿ, ತಿಂಗಳಿಗೆ ಎಷ್ಟು ಸಲ ಎಂದು ಮೊದಲೇ ಹೇಳಬೇಕು. ಬೇಕು ಅಂದವರ ಹೆಸರಿನ ಮುಂದೆ ಟಿಕ್, ತಾರೀಖು, ಅವರದೇ ಸಹಿ. ಸುಮ್ಮನಿದ್ದವರನ್ನು ಒಪ್ಪಿದವರೆಂದು ಎಣಿಸಕೂಡದು. ಪ್ರತಿ ಪತ್ರದ ಕೊನೆಗೆ, ನಿಲ್ಲಿಸಬೇಕಾದರೆ ‘ಬೇಡ’ ಎಂದು ಕಳಿಸಿ ಎಂಬ ಸಾಲು. ಗ್ರೂಪ್ ಮಾಡಿದರೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ, ಆದ್ದರಿಂದ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿ. ಅದಾದರೆ ಅಂಗಡಿಯ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುತ್ತದೆ.

ಶಶಿರೇಖ ಮೂರು ತಿಂಗಳು ಇದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ಐವತ್ತೆಂಟು ಟಿಕ್ ಬಿದ್ದವು. ಬೇಡ ಎಂದ ನಾಲ್ವರಿಗೆ ಕಳಿಸಲಿಲ್ಲ. ಸೆಲ್ವರಾಜ್ ತನ್ನ ಫೋಟೋವನ್ನೂ ಹಾಕು ಎಂದು ದುಂಬಾಲು ಬಿದ್ದ. ಅದಕ್ಕೂ ಬೇರೆ ಸಹಿ ಮಾಡಿಸಿಕೊಂಡೇ ಹಾಕಿದಳು.

ನಾಲ್ಕನೆಯ ತಿಂಗಳು ಕೆಟ್ಟಿತು. ಕಿವಿ ಡಾಕ್ಟರೊಬ್ಬರು ಭಾನುವಾರ ಬಂದು ಬಿಟ್ಟಿ ತಪಾಸಣೆಯ ಕ್ಯಾಂಪ್ ಮಾಡಲು ಒಪ್ಪಿದ್ದರು, ನೂರು ಜನವಾದರೂ ಸೇರಬೇಕು ಎಂದಿದ್ದರು. ಪಟ್ಟಿಯಲ್ಲಿ ಐವತ್ತೆಂಟು. ಪಕ್ಕದಲ್ಲೇ ರಿಪೇರಿ ರಿಜಿಸ್ಟರು, ಅದರ ತುಂಬ ನಂಬರು. ನವ್ಯ ಬೇಡ ಎಂದಳು. ಒಳ್ಳೆಯದಕ್ಕೆ ತಾನೇ ಕರೆಯುತ್ತಿರುವುದು, ಯಾರು ಬೈತಾರೆ ಎಂದು ಶಶಿರೇಖ ಅವಳ ಬಾಯಿ ಮುಚ್ಚಿಸಿದಳು. ಟಿಕ್ ಇರಲಿ ಬಿಡಲಿ, ರಿಜಿಸ್ಟರಿನ ನಂಬರುಗಳನ್ನೆಲ್ಲ ಪಟ್ಟಿಗೆ ಸುರಿದಳು. ಬೆಳಿಗ್ಗೆ ಆರೂವರೆಗೆ ಪತ್ರ ಹೋಯಿತು. ಮೇಲೆ ಸೆಲ್ವರಾಜನ ನಗುಮುಖ, ಕೆಳಗೆ ‘ನಿಮ್ಮ ಕಿವಿಯಂತ್ರದೊಂದಿಗೆ ಬನ್ನಿ’.

ಏಳು ಗಂಟೆಗೆ ಉತ್ತರವೊಂದು ಬಂತು: ‘ಇದು ಬಚ್ಚಪ್ಪನ ರೇಡಿಯೋ ಅಂಗಡಿ ಅಲ್ವಾ ಮೇಡಂ?’ ಅದರ ಹಿಂದೆ ನಗುವ ಗೊಂಬೆ ನಾಲ್ಕು.

ಶಶಿರೇಖ ರಿಜಿಸ್ಟರು ಎಳೆದು ಆ ನಂಬರಿನ ಸಾಲು ಹುಡುಕಿದಳು.

ಬಚ್ಚಪ್ಪ ಬಂಗಾರಪೇಟೆ ಕಡೆಯ ಹಳ್ಳಿಯವನು, ಅರವತ್ತೆಂಟು ವರ್ಷ, ಎರಡು ಸೀಮೆ ಹಸು. ಊರಿನಲ್ಲಿ ಹಸು ಕೊಳ್ಳುವವರೂ ಮಾರುವವರೂ ಅವನನ್ನು ನಡುವೆ ಕೂರಿಸಿಕೊಳ್ಳುತ್ತಾರೆ. ಮನೆ ಜಗಳಕ್ಕೂ ಅವನೇ ಬೇಕು. ಕಿವಿ ಮಂದವಾಯಿತೆಂದು ತಿಳಿದರೆ ಯಾರೂ ಕರೆಯುವುದಿಲ್ಲ ಎಂಬ ಭಯಕ್ಕೆ ವರ್ಷವಿಡೀ ರುಮಾಲನ್ನು ಕಿವಿಯ ಮೇಲೆ ಎಳೆದು ಕಟ್ಟಿ ಅದರೊಳಗೆ ಯಂತ್ರ ಮರೆಸಿಕೊಂಡಿದ್ದ. ಯಂತ್ರ ಹಾಕಿಕೊಂಡ ಮೊದಲ ವಾರ ಬಂದು, ಹಾಲು ಕರೆಯುವಾಗ ಬಕೆಟ್ಟಿಗೆ ಬೀಳುವ ಸದ್ದು ಏಳು ವರ್ಷದ ಮೇಲೆ ಕೇಳಿಸಿತು ಎಂದು ಹೇಳಿಹೋಗಿದ್ದ. ಅವನ ಬಳಿ ಫೋನಿರಲಿಲ್ಲ. ರಿಪೇರಿಯಾದರೆ ತಿಳಿಸಲು ಊರಿನ ಹಾಲಿನ ಡೇರಿ ಕಾರ್ಯದರ್ಶಿ ಸುಧಾಕರನ ನಂಬರು ಕೊಟ್ಟಿದ್ದ. ಕೊಡುವಾಗ ಒಂದು ಮಾತು ಹೇಳಿದ್ದ.

“ರಿಪೇರಿ ಆಯ್ತು ಅಂತ ಮಾತ್ರ ಏಳಮ್ಮಣ್ಣಿ. ಏನು ರಿಪೇರಿ ಅಂತ ಬ್ಯಾಡ. ರೇಡಿಯೋ ಅಂತ ಏಳಿವ್ನಿ ಅವನ್ಗೆ.”

ಅವಳು ಹಾಗೇ ನಡೆದುಕೊಂಡಿದ್ದಳು. ಎರಡು ಸಲ ಫೋನು ಮಾಡಿದಾಗಲೂ ಬೇರೆ ಮಾತೆತ್ತಿರಲಿಲ್ಲ. ಸುಧಾಕರ ಆ ನಂಬರನ್ನು ಬಚ್ಚಪ್ಪನ ರೇಡಿಯೋ ಅಂಗಡಿ ಎಂದೇ ಸೇವ್ ಮಾಡಿಕೊಂಡಿದ್ದನಂತೆ. ಬಚ್ಚಪ್ಪನ ಮಾತನ್ನು ಅವಳು ರಿಜಿಸ್ಟರಿನಲ್ಲಿ ಬರೆದಿಟ್ಟಿರಲಿಲ್ಲ, ತಲೆಯಲ್ಲಿತ್ತು. ನಂಬರು ಸುರಿಯುವಾಗ ತಲೆ ಕ್ಯಾಂಪಿನ ಮೇಲಿತ್ತು.

ಸುಧಾಕರನಿಗೆ ಫೋನು ಮಾಡಿ ಅಳಿಸಿಬಿಡಿ ಎಂದು ಬೇಡಿಕೊಂಡಳು. ಅವನು ಕೆಟ್ಟವನೇನಲ್ಲ. ಹಾಲು ಅಳೆಯುವ ಹೊತ್ತಿನಲ್ಲಿ ಬಂದ ಮೆಸೇಜನ್ನೆಲ್ಲ ಓದಿ ಹೇಳುವ ಚಟ, ಅಷ್ಟೆ. ಕ್ಯೂನಲ್ಲಿದ್ದ ಇಪ್ಪತ್ತು ಜನರೆದುರು ಆಗಲೇ ಓದಿಯಾಗಿತ್ತು. ಬಚ್ಚಪ್ಪನೂ ಅಲ್ಲೇ ಇದ್ದ. ಯಾರೋ ಹುಡುಗಾಟಕ್ಕೆ ಅವನ ರುಮಾಲು ಸರಿಸಿ ನೋಡಿದರಂತೆ.

ಟಿಕ್ ಇಲ್ಲದ ನಂಬರುಗಳನ್ನೆಲ್ಲ ಅವಳು ಅವತ್ತೇ ಪಟ್ಟಿಯಿಂದ ತೆಗೆದಳು. ಇನ್ನು ಮೇಲೆ ಎದುರಿಗೆ ಬಂದಾಗ ಕೇಳಿಯೇ ಸೇರಿಸುವುದು ಎಂದು ನವ್ಯಳ ಮುಂದೆ ಒಪ್ಪಿಕೊಂಡಳು. ಕ್ಯಾಂಪಿಗೆ ನೂರಹತ್ತು ಜನ ಬಂದರು, ಡಾಕ್ಟರು ಹೊಗಳಿದರು. ಅವಳು ಮಾತ್ರ ಬಚ್ಚಪ್ಪ ಬಂದಾನೆಂದು ಬಾಗಿಲು ನೋಡುತ್ತಲೇ ದಿನ ಕಳೆದಳು.

ಬಚ್ಚಪ್ಪ ಬಂದದ್ದು ಮೂರು ವಾರದ ಮೇಲೆ. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ರುಮಾಲು ಹೆಗಲ ಮೇಲಿತ್ತು, ಕಿವಿ ಬರಿದಾಗಿತ್ತು. ಯಂತ್ರದ ಡಬ್ಬಿಯನ್ನು ಮೇಜಿನ ಮೇಲಿಟ್ಟ.

“ಇದ್ನ ಯಾರಾದ್ರೂ ಬಡವರ್ಗೆ ಕೊಟ್ಬುಡಮ್ಮಣ್ಣಿ. ಚೆನ್ನಾಗೇ ಕೇಳುಸ್ತದೆ. ನನ್ನ ಇಂದೆ ನಿಂತ್ಕಂಡು ಪಿಸುಪಿಸು ಅಂತಾರೆ, ಕಿವುಡ ಕಿವುಡ ಅಂತ, ಕೇಳುಸ್ತದ ಅಂತ ನೋಡಕ್ಕೆ. ಎಲ್ಲಾ ಕೇಳುಸ್ತದೆ. ಇಲ್ದಿದ್ರೇ ಸುಖ.”

ಹಸುವಿನ ವ್ಯಾಪಾರಕ್ಕೆ ಈಗ ಯಾರೂ ಕರೆಯುವುದಿಲ್ಲವಂತೆ. ಅದನ್ನೂ ಅವನು ಕೋಪವಿಲ್ಲದೆ ಹೇಳಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ತಪ್ಪಾಯಿತು ಎಂದು ಹೇಳಬೇಕು. ಆದರೆ ಯಂತ್ರವಿಲ್ಲದ ಕಿವಿಗೆ ಮುಟ್ಟಬೇಕಾದರೆ ಕೂಗಬೇಕು, ಮೂವರೆದುರು, ತೆರೆದ ಬಾಗಿಲಲ್ಲಿ. ಬೀದಿಗೆಲ್ಲ ಕೇಳುವ ಹಾಗೆ ಅವನ ಗುಟ್ಟನ್ನು ಇನ್ನೊಂದು ಸಲ ಕೂಗುವುದೇ? ಯಂತ್ರ ಎತ್ತಿ, ಒಂದು ನಿಮಿಷ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದಳು. ಅವನು ಕೈ ಅಡ್ಡ ಹಿಡಿದ. ಆಗ ಚೀಟಿ ತೆಗೆದು, ‘ಬಚ್ಚಪ್ಪಣ್ಣ, ನಿಮ್ಮನ್ನು ಕೇಳದೆ ಕಳಿಸಿದ್ದು ನನ್ನ ತಪ್ಪು. ಕ್ಷಮಿಸಿ’ ಎಂದು ದಪ್ಪಕ್ಷರದಲ್ಲಿ ಬರೆದು ಕೈಗಿತ್ತಳು.

ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ನಂಗೆ ಓದಕ್ಕೆ ಬರಲ್ಲಮ್ಮಣ್ಣಿ,” ಎಂದ. “ಇದ್ನೂ ಸುಧಾಕರನ ತಾವ್ಲೇ ಓದುಸ್ಬೇಕು.”

ಶಶಿರೇಖ ಅವನ ಕೈಯಿಂದ ಚೀಟಿಯನ್ನು ವಾಪಸು ತೆಗೆದುಕೊಂಡಳು.