ಅಪ್ಪನಿಗೆ ವಿಜ್ಞಾನದ ಕಥೆ ಓದಿದ್ದು

ಬನಹಟ್ಟಿ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಜಮಖಂಡಿಯ ಶಾಲೆಯಲ್ಲಿ ನನಗೆ ಕಲಿಸಿದ ಶಿಕ್ಷಕಿಯೊಬ್ಬರು ಊರು ಬಿಡುವಾಗ ಒಂದು ಕಟ್ಟು ಮರಾಠಿ ಮಾಸಿಕಗಳನ್ನು ನನ್ನ ಕೈಗೆ ಹಾಕಿದರು. ಮೇಲಿನ ಮಾಸಿಕದ ಮುಖಪುಟದಲ್ಲಿ ಬೆಂಕಿ ಉಗುಳುತ್ತ ಚಂದ್ರನ ಕಡೆಗೆ ಹೊರಟ ಬಂಡಿಯೊಂದಿತ್ತು. ಅಪ್ಪ ಮಗ್ಗದ ಕುಣಿಯಲ್ಲಿ ಕುಳಿತೇ ಅದನ್ನು ನೋಡಿದ.

"ಇವೇನು ಬೇ, ಆಟಿಗಿ ಸಾಮಾನಿನ ಕಥೀ?"

ವಿಜ್ಞಾನದ ಕಥೆ ಎಂದೆ. ವಿಜ್ಞಾನ ಬೇರೆ, ಕಥೆ ಬೇರೆ, ಎರಡನ್ನೂ ಕೂಡಿಸಿದರೆ ಎರಡೂ ಕೆಡುತ್ತವೆ ಎಂದು ಅಪ್ಪ ತೀರ್ಪು ಕೊಟ್ಟು ಲಾಳಿ ಎಸೆದ. ಅಪ್ಪ ತೀರ್ಪು ಕೊಟ್ಟ ಮೇಲೆ ಮಾತು ಮುಗಿಯಿತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ನಾನು ಮಾತ್ರ ತಿಳಿದಿರಲಿಲ್ಲ.

ನನಗೆ ಬೇಕಾಗಿದ್ದು ಬೇರೆಯೇ ಒಂದಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀರೆಯ ಒಡಲಿನ ಹಾಸು, ಎಂದರೆ ಉದ್ದದ ಎಳೆ, ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಅಪ್ಪನ ಕೊಂಡಿ ಎಲ್ಲಿದೆ ಎಂದು ಬೆರಳಿಗೂ ಗೊತ್ತಾಗುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಹೇಗೋ, ನಮ್ಮ ಮನೆಯಲ್ಲಿ ಅದನ್ನು ಮಗಳಿಗೆ ಕಲಿಸುವ ಪದ್ಧತಿ ಇರಲಿಲ್ಲ. ಮಗಳು, ಮದುವೆಯಾಗಿ ಮುಧೋಳಕ್ಕೆ ಹೋದ ಅಕ್ಕನ ಹಾಗೆ, ಬೇರೆ ಮನೆಗೆ ಹೋಗುವವಳು, ಕೆಲಸವೂ ಅವಳ ಹಿಂದೆ ಹೋಗುತ್ತದೆ. ಕಲಿಸುವುದು ಸೊಸೆಗೆ. ಸೊಸೆಯೋ, ಬಿಳಗಿಯಲ್ಲಿ ಕಾರಕೂನನಾಗಿದ್ದ ಅಣ್ಣನ ಹೆಂಡತಿ, ಮಗ್ಗ ಕಂಡರೆ ಮೂಗು ಮುರಿಯುವವಳು. ಅಪ್ಪನ ಬಲಗೈ ಹೆಬ್ಬೆರಳು ಆ ವರ್ಷ ಸೆಟೆದುಕೊಳ್ಳತೊಡಗಿತ್ತು. ನಾನು ದಿನವೆಲ್ಲ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಆ ಬೆರಳನ್ನೇ ನೋಡುತ್ತಿದ್ದೆ. ಕೇಳಿದರೆ ಒಂದೇ ಉತ್ತರ: "ನಿನಗ್ಯಾಕ ಅದು?"

ಊಟವಾದ ಮೇಲೆ ಮಗ್ಗ ಸುಮ್ಮನಿರುವ ಹೊತ್ತಿನಲ್ಲಿ ಅಪ್ಪನಿಗೆ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ಒಂದು ದಿನ ಪತ್ರಿಕೆ ಬರಲಿಲ್ಲ. ಮಾಸಿಕ ತೆಗೆದೆ, ಮರಾಠಿಯನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಎಲ್ಲಕ್ಕಿಂತ ದೊಡ್ಡ ಕಥೆ, ಎಲ್ಲಕ್ಕಿಂತ ದೊಡ್ಡ ಬಂಡಿ. ಅದರ ವೇಗ, ತೂಕ, ಕೊಳವೆಗಳ ವರ್ಣನೆಯೇ ನಾಲ್ಕು ಪುಟ. ಅಪ್ಪ ಒಂದು ಸಲ ಆಕಳಿಸಿದ, ಆಮೇಲೆ ಕೇಳಿದ:

"ಚಂದ್ರನ ಮ್ಯಾಲೆ ನೂರು ಮಂದಿ ಅದಾರಂತಿ. ಹತ್ತಿ ಎಲ್ಲಿ ಬೆಳೀತಾರ? ಅರಬಿ ಯಾರು ನೇಯ್ತಾರ?"

ಕಥೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅಪ್ಪ ಹೊಟ್ಟೆ ಹಿಡಿದು ನಕ್ಕ. ನನಗೆ ಸಿಟ್ಟು ಬಂದಿತು, ಮಾಸಿಕ ಮುಚ್ಚಿ ಎದ್ದುಹೋದೆ. ಕಂಡಿಕೆ ಸುತ್ತುವಾಗ ಹೊಳೆಯಿತು: ಅವನು ಕೇಳಿದ್ದೇ ಸರಿಯಾದ ಪ್ರಶ್ನೆ. ಒಂದು ಸಂಗತಿ ಬದಲಾದರೆ ಉಟ್ಟ ಬಟ್ಟೆಯವರೆಗೆ ಎಲ್ಲವೂ ಬದಲಾಗಬೇಕು. ಹಾಸಿನಲ್ಲಿ ಒಂದು ಎಳೆ ತಪ್ಪಿದರೆ ಅಂಚಿನವರೆಗೂ ಕಾಣುತ್ತದೆ ಎಂದು ಬಲ್ಲ ಮನುಷ್ಯ ಹಾಗೆಯೇ ಕೇಳುತ್ತಾನೆ. ನಾನೇ ತಪ್ಪಾದ ಕಥೆ ಆರಿಸಿದ್ದೆ.

ಕಟ್ಟನ್ನೆಲ್ಲ ಮತ್ತೆ ಓದಿದೆ. ಬಂಡಿ, ಯಂತ್ರಗಳೇ ನಾಯಕರಾದ ಕಥೆಗಳನ್ನು ಕೆಳಗೆ ತಳ್ಳಿದೆ. ಭೂಮಿಯ ಮೇಲೆಯೇ ನಡೆಯುವ, ಒಂದೇ ಕೂರಿಕೆಗೆ ಮುಗಿಯುವ, ಒಂದೇ ಒಂದು ಅಸಾಧ್ಯ ಸಂಗತಿಯನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ನಮ್ಮ ಓಣಿಯಂತೆಯೇ ಇರುವ ಕಥೆಗಳನ್ನು ಮೇಲಿಟ್ಟೆ.

ಮುಂದಿನ ಸಲ ಓದಿದ್ದು ಮಳೆಯ ಕಥೆ. ಒಂದು ಊರಿನವರಿಗೆ ಬೇಕಾದ ದಿನ ಮಳೆ ತರಿಸುವ ಯಂತ್ರ ಸಿಗುತ್ತದೆ. ಆದರೆ ಮಳೆ ಬಂದರೆ ಊರಿಗೆಲ್ಲ ಬರಬೇಕು, ಆದ್ದರಿಂದ ದಿನ ಗೊತ್ತುಮಾಡಲು ಎಲ್ಲರೂ ಒಪ್ಪಬೇಕು. ಯಂತ್ರದ ಬಗ್ಗೆ ಎರಡೇ ಸಾಲು, ಉಳಿದದ್ದೆಲ್ಲ ಪಂಚಾಯಿತಿ. ಅಪ್ಪ ನೆಟ್ಟಗೆ ಕುಳಿತ.

"ಹೊಲದಂವ ಇವತ್ತ ಬೇಕಂತಾನ. ನಾ ಓಣ್ಯಾಗ ಹಾಸು ಹಚ್ಚಿ ಗಂಜಿ ಹಾಕಿ ಒಣಗಾಕ ಬಿಟ್ಟಿರತೇನಿ, ನಾ ಒಪ್ಪತೇನೇನ?"

ಕಥೆಯಲ್ಲಿ ನೇಕಾರರೇ ಇರಲಿಲ್ಲ. ಅಪ್ಪ ತಾನೇ ಒಬ್ಬನನ್ನು ತಂದು ಕೂಡಿಸಿದ್ದ. ಎರಡು ದಿನ ಪಕ್ಕದ ಮಗ್ಗದವರೊಂದಿಗೆ ಅದೇ ಜಗಳ. ಇದರ ಅರ್ಥ ಹೀಗೆ ಎಂದು ನಾನು ನಡುವೆ ಬಾಯಿ ಹಾಕಿದೆ. "ನೀ ಸುಮ್ಮಕಿರು, ನಾವು ಮಾತಾಡಾಕತ್ತೇವಿ" ಎಂದು ಗದರಿದ. ಓದಿದ ಮೇಲೆ ವಿವರಿಸಬಾರದು ಎಂದು ಅಂದೇ ಕಲಿತೆ. ಯಂತ್ರ ಹೇಗೆ ನಡೆಯುತ್ತದೆ ಎಂದು ಅವನು ಕೇಳಲೇ ಇಲ್ಲ.

ಹೀಗೆ ಐದಾರು ಕಥೆಗಳಾದವು. ಪ್ರತಿಯೊಂದೂ ಹಿಂದಿನದಕ್ಕಿಂತ ತುಸು ದೂರದ್ದು. ಕೊನೆಗೊಂದರಲ್ಲಿ ಬೇರೆ ಗ್ರಹದ ಮಂದಿಯೂ ಬಂದುಹೋದರು, ಅಪ್ಪ ಅವರನ್ನು ಸಾವಳಗಿಯ ಬೀಗರಂತೆ ವಿಚಾರಿಸಿಕೊಂಡ.

ಆಮೇಲೆ ನಾನು ಕಾಯ್ದಿಟ್ಟುಕೊಂಡಿದ್ದ ಕಥೆ ತೆಗೆದೆ. ಅದರಲ್ಲಿ ನನ್ನ ಸ್ವಾರ್ಥವಿತ್ತು. ಒಂದು ಪಟ್ಟಣದಲ್ಲಿ ಒಬ್ಬರ ಕೈಯ ಕಸುಬನ್ನು ತೆಗೆದು ಇನ್ನೊಬ್ಬರ ಕೈಗೆ ಹಾಕುವ ವಿದ್ಯೆ ಬಂದಿದೆ. ಆದರೆ ಕೊಟ್ಟವನ ಕೈ ಕೂಸಿನ ಕೈಯಂತೆ ಬರಿದಾಗುತ್ತದೆ. ಒಬ್ಬ ಮುದುಕ ಗಂಟೆ ಎರಕ ಹೊಯ್ಯುವವನು. ಹಡಗು ಹತ್ತಿ ಹೋದ ಮಗನಿಗೆಂದು ತನ್ನ ಕಸುಬನ್ನು ಕಾಯ್ದುಕೊಂಡು ಕುಳಿತಿದ್ದಾನೆ. ಕಸ ಗುಡಿಸುವ ಹುಡುಗಿ ದಿನವೂ ಎದುರಿಗೆ ನಿಂತು ಕೇಳುತ್ತಾಳೆ. ಮುದುಕನ ಕೈ ನಡುಗತೊಡಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

"ಮುಂದ?"

"ಇಷ್ಟ ಐತಿ ಅಪ್ಪಾ."

"ಇಷ್ಟ ಅಂದ್ರ? ಕೊಟ್ಟನೋ ಇಲ್ಲೋ?"

ಮುದುಕ ಮೂರ್ಖ ಎಂದು ಅಪ್ಪ ಅನ್ನುತ್ತಾನೆ, ಆಗ ಅವನ ಮಾತಿನಲ್ಲೇ ಅವನನ್ನು ಹಿಡಿಯೋಣ ಎಂದು ನಾನು ಕಾಯುತ್ತಿದ್ದೆ. ಅಪ್ಪ ಹಾಗೆ ಅನ್ನಲಿಲ್ಲ. ಹೆಬ್ಬೆರಳನ್ನು ಎಡಗೈಯಿಂದ ತಿಕ್ಕಿಕೊಂಡ.

"ಅವಂದೇನು ತಪ್ಪಿಲ್ಲ. ಕೊಟ್ಟರ ಅವನ ಕೈ ಖಾಲಿ ಆಕ್ಕೈತಿ, ಅದಕ್ಕ ಅಂಜ್ಯಾನ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಕೈ ಖಾಲಿ ಆಗೂದಿಲ್ಲಲ್ಲ. ನಾ ಯಾತಕ್ಕ ಅಂಜೇನಿ?"

ಮುಂಜಾನೆ ಹೊಸ ಹಾಸಿನ ಮುಂದೆ ಕರೆದು ಕೂಡಿಸಿದ. ನಾನು ಹಾಕಿದ ಕುಣಿಕೆಗಳನ್ನು ನಾಲ್ಕು ದಿನ ಬಿಚ್ಚಿದ, ಐದನೆಯ ದಿನ ಬಿಚ್ಚಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಸಂತೋಷಕ್ಕೆ ಊಟ ಸೇರಲಿಲ್ಲ.

ವಾರ ಕಳೆದ ಮೇಲೆ ಅಪ್ಪ ಒಂದು ಕಾರ್ಡು ತಂದು ನನ್ನ ಮುಂದಿಟ್ಟ.

"ಮುಧೋಳಕ್ಕ ನಿಮ್ಮಕ್ಕಗ ಬರಿ. ಒಂದು ತಿಂಗಳ ಬಂದು ಇರು, ಕೊಂಡಿ ಕಲಿ ಅಂತ."

ಮದುವೆಗೆ ಮುಂಚೆ ಅಕ್ಕ ಮೂರು ವರ್ಷ ಇದನ್ನೇ ಕೇಳಿದ್ದಳಂತೆ. ನಾನು ಆಗ ಚಿಕ್ಕವಳು, ನನಗೆ ಗೊತ್ತಿರಲಿಲ್ಲ. ಕಥೆ ಕೇಳುವಾಗ ಅಪ್ಪನ ಕಣ್ಣ ಮುಂದೆ ನಿಂತಿದ್ದವಳು ನಾನಲ್ಲ.

ಅಕ್ಕನ ಉತ್ತರ ಬಂತು. ಅಪ್ಪನಿಗೆ ಓದಿ ಹೇಳಿದೆ: "ನಮ್ಮ ಮನ್ಯಾಗ ಮಗ್ಗ ಇಲ್ಲ. ನನ್ನ ಕೈಗೂ ಈಗ ಬ್ಯಾರೆ ಕೆಲಸ ರೂಢಿ ಆಗ್ಯಾವ. ತಂಗಿಗೆ ಕಲಸ್ರಿ, ಅಕಿ ಛಲೋ ಕಲೀತಾಳ. ಕಲೀತಿಯೇನಂತ ಕೇಳಿದಿರಿ, ಅಷ್ಟ ಸಾಕು."

ಇನ್ನೊಂದು ಸಲ ಓದು ಎಂದ. ಓದಿದೆ. ಅಪ್ಪ ಎದ್ದು ಹೊರಗೆ ಹೋದ. ಆ ದಿನ ಮಗ್ಗಕ್ಕೆ ಇಳಿಯಲಿಲ್ಲ.